ಕೀಟನಾಶಕ ಸೇವಿಸಿ ಬಂದವರ ರೆಫರಲ್ ಚೀಟಿ ಮತ್ತು ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

“ವಿಷ ಸೇವನೆ. ಪ್ರಥಮ ಚಿಕಿತ್ಸೆ ನೀಡಲಾಗಿದೆ. ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ.”

ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗ ನಾನೂ ಇಂಥ ಚೀಟಿ ಬರೆದಿದ್ದೇನೆ. ಮುಂದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತು ಅದೇ ಬಗೆಯ ಚೀಟಿಗಳನ್ನು ಓದುವ ಪಾಳಿ ಬಂದಾಗ ತಿಳಿಯಿತು, ಆ ಮೂರು ವಾಕ್ಯಗಳಲ್ಲಿ ನನಗೆ ಗೊತ್ತಿಲ್ಲದ ಸಂಗತಿ ಒಂದೂ ಇಲ್ಲ ಎಂದು. ಯಾವ ವಿಷ, ಎಷ್ಟು ಹೊತ್ತಿಗೆ, ಬಂದಾಗ ಎದೆ ಹೇಗಿತ್ತು, ಅಟ್ರೋಪಿನ್ ಒಟ್ಟು ಎಷ್ಟು ಹೋಗಿದೆ ಎಂಬುದಿಲ್ಲದಿದ್ದರೆ ಅಲ್ಲಿನ ವೈದ್ಯರು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳ ಬಗ್ಗೆ. ಅಟ್ರೋಪಿನ್‌ನ ಲೆಕ್ಕ ಅತಿ ಹೆಚ್ಚು ತಪ್ಪುವುದೂ ಅಲ್ಲಿಯೇ.

ರೋಗಿ ಉಸಿರಿಗೆ ಒದ್ದಾಡುತ್ತಿರುವಾಗ ಬರೆಯುತ್ತ ಕೂರಲು ಸಾಧ್ಯವೇ?

ಇಲ್ಲ, ಕೂರಬಾರದು ಕೂಡ. ಉಸಿರುದಾರಿ, ಆಮ್ಲಜನಕ, ಅಟ್ರೋಪಿನ್ ಮೊದಲು. ಆದರೆ ಬರೆಯುವ ಕೆಲಸವನ್ನು ಎಲ್ಲ ಮುಗಿದ ಮೇಲೆ ನೆನಪಿನಿಂದ ಮಾಡಿದರೆ ಸಮಯಗಳೆಲ್ಲ ಅಂದಾಜಾಗಿಬಿಡುತ್ತವೆ. ಐದೈದು ನಿಮಿಷಕ್ಕೆ ಕೊಟ್ಟ ಔಷಧಿ ಕಾಗದದ ಮೇಲೆ “7:30ರಿಂದ 8ರ ನಡುವೆ” ಎಂದು ಮುದ್ದೆಯಾಗುತ್ತದೆ.

ಸುಲಭ ದಾರಿಯೆಂದರೆ ಒಬ್ಬರ ಕೈಗೆ ರಟ್ಟು ಮತ್ತು ಪೆನ್ನು ಕೊಟ್ಟು, ಗಡಿಯಾರ ಕಾಣುವಲ್ಲಿ ನಿಲ್ಲಿಸುವುದು. ವೈದ್ಯರೋ ನರ್ಸೋ ಗಟ್ಟಿಯಾಗಿ ಹೇಳಿದ್ದನ್ನು ಅವರು ಸಮಯದೊಂದಿಗೆ ಒಂದೊಂದು ಸಾಲಾಗಿ ಬರೆದುಕೊಳ್ಳುತ್ತಾರೆ. ಅಕ್ಷರ ಬಲ್ಲ ಯಾವ ಸಿಬ್ಬಂದಿಯಾದರೂ ಸಾಕು. ಇಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ನಾವು ಹಾಸಿಗೆಯ ಪಕ್ಕದ ಗೋಡೆಗೆ ಬಿಳಿ ಅಂಟುಪಟ್ಟಿ ಹಚ್ಚಿ ಅದರ ಮೇಲೆ ಬರೆಯುತ್ತಿದ್ದೆವು. ಆ ಪಟ್ಟಿಯನ್ನು ಕಿತ್ತು ಕೇಸ್ ಶೀಟಿಗೆ ಅಂಟಿಸಿದರೆ ಅದೇ ಮೂಲ ದಾಖಲೆ. ಚೀಟಿ ಅದರಿಂದ ಹುಟ್ಟುತ್ತದೆ.

ಎಲ್ಲರೂ ಒಂದೇ ಗಡಿಯಾರ ನೋಡಬೇಕು. ಗೋಡೆಯ ಗಡಿಯಾರ ಏಳು ನಿಮಿಷ ಹಿಂದಿದ್ದು, ಮೊಬೈಲ್ ಸರಿಯಾಗಿದ್ದರೆ, ಎರಡನೇ ಡೋಸ್ ಮೊದಲನೆಯದಕ್ಕಿಂತ ಮುಂಚೆಯೇ ಕೊಟ್ಟಂತೆ ಕಾಣುವ ದಾಖಲೆಗಳನ್ನು ನೋಡಿದ್ದೇನೆ. 24 ಗಂಟೆಯ ಲೆಕ್ಕದಲ್ಲಿ ಬರೆಯಿರಿ. “12:30” ಎಂದರೆ ನಡುಹಗಲೋ ನಡುರಾತ್ರಿಯೋ ಎಂಬ ಗೊಂದಲ ಆಗ ಇರುವುದಿಲ್ಲ.

ಸೇವಿಸಿದ ಸಮಯ ಯಾರಿಗೂ ಸರಿಯಾಗಿ ಗೊತ್ತಿಲ್ಲದಿದ್ದರೆ ಏನು ಬರೆಯಬೇಕು?

“ಗೊತ್ತಿಲ್ಲ” ಎಂದು ಬಿಟ್ಟುಬಿಡಬೇಡಿ, ಊಹಿಸಿ ಒಂದೇ ಸಮಯವನ್ನೂ ಬರೆಯಬೇಡಿ. ಎರಡು ಅಂಚುಗಳನ್ನು ಹಿಡಿಯಿರಿ: ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರಾದರೂ ನೋಡಿದ್ದು ಯಾವಾಗ, ಈ ಸ್ಥಿತಿಯಲ್ಲಿ ಕಂಡದ್ದು ಯಾವಾಗ. “18:10ಕ್ಕೆ ತಮ್ಮನೊಂದಿಗೆ ಮಾತನಾಡಿದ್ದಾರೆ, 18:40ಕ್ಕೆ ವಾಂತಿ ಮಾಡುತ್ತಿರುವುದನ್ನು ತಮ್ಮ ಕಂಡಿದ್ದಾರೆ” ಎಂದರೆ ಸೇವನೆ ಆ ಅರ್ಧ ಗಂಟೆಯೊಳಗೆ ಆಗಿದೆ. ಇಷ್ಟು ತಿಳಿದರೆ ಬೇಕಾದಷ್ಟಾಯಿತು.

ಊರಿನವರು ಗಡಿಯಾರಕ್ಕಿಂತ ಕೆಲಸದ ಹೊತ್ತನ್ನು ನೆನಪಿಟ್ಟುಕೊಂಡಿರುತ್ತಾರೆ. “ಎಷ್ಟು ಗಂಟೆಗೆ?” ಎಂದು ಕೇಳಿದರೆ ತಡವರಿಸುವವರು “ದೀಪ ಹಚ್ಚುವ ಮೊದಲೋ ಆಮೇಲೋ?” ಎಂದರೆ ತಟ್ಟನೆ ಹೇಳುತ್ತಾರೆ. ಯಾರು ಹೇಳಿದರು ಎಂಬುದನ್ನು ಪಕ್ಕದಲ್ಲೇ ಬರೆಯಿರಿ, ಏಕೆಂದರೆ ಮುಂದಿನ ಆಸ್ಪತ್ರೆಗೆ ಹೋಗುವವರು ಬಹಳ ಸಲ ಬೇರೆಯವರಾಗಿರುತ್ತಾರೆ.

ವಿಷದ ಹೆಸರನ್ನು ಹೇಗೆ ಬರೆಯಬೇಕು? ಅಂಗಡಿಯ ಹೆಸರು ಸಾಕಲ್ಲವೇ?

ಸಾಲದು. ಮಾರಾಟದ ಹೆಸರುಗಳು ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ, ಒಳಗಿನ ರಾಸಾಯನಿಕ ಮಾತ್ರ ಪೂರ್ತಿ ಬೇರೆಯಾಗಿರುತ್ತದೆ. ಬಾಟಲಿಯ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಸಕ್ರಿಯ ಅಂಶದ ಹೆಸರು, ಅದರ ಶೇಕಡಾವಾರು ಪ್ರಮಾಣ ಮತ್ತು ದ್ರವವೋ ಪುಡಿಯೋ ಹರಳೋ ಎಂಬುದು, ಈ ಮೂರನ್ನೂ ಅಲ್ಲಿರುವಂತೆಯೇ ನಕಲು ಮಾಡಿಕೊಳ್ಳಿ. ಎರಡು ಅಂಶಗಳಿದ್ದರೆ ಎರಡನ್ನೂ ಬರೆಯಿರಿ. ಕ್ಲೋರ್‌ಪೈರಿಫಾಸ್ ಮತ್ತು ಸೈಪರ್‌ಮೆಥ್ರಿನ್ ಬೆರೆಸಿದ ದ್ರವ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲನೆಯದು ಆರ್ಗನೋಫಾಸ್ಫೇಟ್, ಎರಡನೆಯದು ಪೈರೆಥ್ರಾಯ್ಡ್. ಎರಡನೆಯದನ್ನು ಮಾತ್ರ ಬರೆದ ಚೀಟಿ ನೋಡಿದವರು ಅಟ್ರೋಪಿನ್ ಯಾಕೆ ಎಂದು ಯೋಚಿಸುತ್ತಾರೆ.

ಕೀಟನಾಶಕ, ಕಳೆನಾಶಕ ಎರಡನ್ನೂ ಜನ “ಔಷಧಿ” ಎಂದೇ ಕರೆಯುತ್ತಾರೆ. ಹುಳಕ್ಕೆ ಹೊಡೆಯುವುದೋ ಹುಲ್ಲಿಗೆ ಹೊಡೆಯುವುದೋ ಎಂದು ಬಿಡಿಸಿ ಕೇಳಿ. ಕಳೆನಾಶಕವಾದ ಪ್ಯಾರಾಕ್ವಾಟ್‌ನಲ್ಲಿ ಆಮ್ಲಜನಕ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುವುದರಿಂದ, ಮಟ್ಟ ನಿಜವಾಗಿಯೂ ಕುಸಿದಿಲ್ಲದಿದ್ದರೆ ಕೊಡುವುದಿಲ್ಲ. ಆರ್ಗನೋಫಾಸ್ಫೇಟ್‌ನಲ್ಲಿ ಹಿಂದೆಮುಂದೆ ನೋಡದೆ ಕೊಡುತ್ತೇವೆ. ಧಾನ್ಯಕ್ಕೆ ಹಾಕುವ ಗುಳಿಗೆಯಾದರೆ ಅದೇ ಇನ್ನೊಂದು ಕಥೆ. ಅದರಿಂದ ಹೊರಡುವ ಅನಿಲ ಸಿಬ್ಬಂದಿಗೂ ತೊಂದರೆ ಮಾಡುವುದರಿಂದ ಆ ಸಂಗತಿ ಚೀಟಿಯ ಮೊದಲ ಸಾಲಿನಲ್ಲಿರಬೇಕು.

ಬಾಟಲಿಯ ಮೇಲಿನ ಬಣ್ಣದ ಗುರುತನ್ನು ಬರೆಯಬಹುದು, ಆದರೆ ಹೆಸರಿನ ಬದಲಿಗಲ್ಲ. ಆ ಬಣ್ಣ ಮುಖ್ಯವಾಗಿ ಇಲಿಗಳ ಮೇಲಿನ ಪರೀಕ್ಷೆಯಿಂದ ಬಂದ ವರ್ಗ. ಮನುಷ್ಯ ಕುಡಿದಾಗ ಏನಾಗುತ್ತದೆ ಎಂಬುದನ್ನು ಅದು ಪೂರ್ತಿ ಹೇಳುವುದಿಲ್ಲ.

ಬಾಟಲಿಯನ್ನು ತಂದಿಲ್ಲ. ಆಗ?

ಮನೆಯಲ್ಲಿ ಉಳಿದವರಿಗೆ ಫೋನ್ ಮಾಡಿಸಿ, ಬಾಟಲಿಯ ಮೇಲಿನ ಚೀಟಿಯ ಹಿಂದುಮುಂದಿನ ಫೋಟೊ ತರಿಸಿ. ರೋಗಿಯನ್ನು ಕಳುಹಿಸಿದ ಮೇಲೆ ಬಂದರೂ ಆ ಫೋಟೊವನ್ನು ಮುಂದಿನ ಆಸ್ಪತ್ರೆಗೆ ದಾಟಿಸಬಹುದು. ಅಲ್ಲಿಯವರೆಗೆ “ಹೆಸರು ತಿಳಿದಿಲ್ಲ, ಲಕ್ಷಣಗಳು ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್‌ಗೆ ಹೊಂದುತ್ತವೆ” ಎಂದು ಬರೆಯಿರಿ. ಹೆಸರಿಲ್ಲ ಎಂದು ಚಿಕಿತ್ಸೆ ಕಾಯಬೇಕಿಲ್ಲ. ಸೂಜಿಮೊನೆಯಂಥ ಪಾಪೆ, ಬೆವರು, ಎದೆಯಲ್ಲಿ ಬುಳುಬುಳು ಸದ್ದು, ನಿಧಾನ ನಾಡಿ ಇವೆಲ್ಲ ಒಟ್ಟಿಗಿದ್ದರೆ ಅಟ್ರೋಪಿನ್ ಆರಂಭಿಸಲು ಅಷ್ಟೇ ಸಾಕು.

ವಾಸನೆಯನ್ನು ಬರೆಯುವಾಗ ಸ್ವಲ್ಪ ಎಚ್ಚರ ಬೇಕು. ಸೀಮೆಎಣ್ಣೆಯಂಥ ವಾಸನೆ ಬಹಳ ಸಲ ಕೀಟನಾಶಕವನ್ನು ಕರಗಿಸಿದ ದ್ರಾವಕದ್ದು. “ಸೀಮೆಎಣ್ಣೆ ಸೇವನೆ” ಎಂದು ಬರೆದು ಕಳುಹಿಸಿದರೆ ದಾರಿಯೇ ತಪ್ಪುತ್ತದೆ.

ಎಷ್ಟು ಸೇವಿಸಿದ್ದಾರೆ ಎಂಬ ಅಂಕಣದಲ್ಲಿ ಏನು ತುಂಬಬೇಕು?

ಕಂಡದ್ದನ್ನು ಮಾತ್ರ. ಬಾಟಲಿ ಎಷ್ಟರದ್ದು, ಈಗ ಎಷ್ಟು ಉಳಿದಿದೆ, ಮೊದಲೇ ಬಳಸಿತ್ತೇ, ಚೆಲ್ಲಿತ್ತೇ, ನೀರಿಗೆ ಬೆರೆಸಿದ್ದೋ ಹಾಗೆಯೇ ಇದ್ದದ್ದೋ. “ಸ್ವಲ್ಪ ಕುಡಿದಿದ್ದಾರೆ” ಎಂಬ ಮನೆಯವರ ಮಾತು ಹೆದರಿಕೆಯಿಂದಲೋ ಆಸೆಯಿಂದಲೋ ಬಂದಿರುತ್ತದೆ. ಅದನ್ನು ನಂಬಿ ಚಿಕಿತ್ಸೆಯನ್ನು ಹಗುರ ಮಾಡಿಕೊಳ್ಳುವಂತಿಲ್ಲ.

ಪರೀಕ್ಷೆ ಮಾಡಿ ಬರೆಯಬೇಕಾದದ್ದು ಏನೇನು? ಪೂರ್ತಿ ಕೇಸ್ ಶೀಟ್ ತುಂಬಬೇಕೇ?

ಚೀಟಿಗೆ ಬೇಕಾದದ್ದು ಕಡಿಮೆ. ಅಟ್ರೋಪಿನ್ ಸಾಕಾಯಿತೇ ಎಂದು ಐದು ಸಂಗತಿಗಳನ್ನು ನೋಡಿ ಹೇಳುತ್ತೇವೆ: ಎದೆಯ ಸದ್ದು, ನಾಡಿ, ರಕ್ತದೊತ್ತಡ, ಕಂಕುಳಿನ ಬೆವರು, ಪಾಪೆಯ ಅಳತೆ. ಬಂದಾಗ ಈ ಐದು ಹೇಗಿದ್ದವು, ಹೊರಡುವಾಗ ಹೇಗಿದ್ದವು ಎಂಬುದು ಇರಲೇಬೇಕು. ಇವುಗಳ ಜೊತೆಗೆ ಪ್ರಜ್ಞೆಯ ಮಟ್ಟ, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ರಕ್ತದ ಸಕ್ಕರೆ, ಸ್ನಾಯುಗಳ ತುಡಿತ. ಪ್ರಜ್ಞೆಗೆ ಜಿಸಿಎಸ್ ಬಳಸಿದರೆ ಕಣ್ಣು, ಮಾತು, ಚಲನೆಯ ಅಂಕಗಳನ್ನು ಬಿಡಿಬಿಡಿಯಾಗಿ ಬರೆಯಿರಿ.

ಕಂಕುಳನ್ನು ಕೈಯಿಂದ ಮುಟ್ಟಿಯೇ ನೋಡಬೇಕು, ಕೈಗವಸು ಹಾಕಿಕೊಂಡು. ಹಣೆಯ ಬೆವರು ಸೆಖೆಯಿಂದಲೂ ಬರುತ್ತದೆ. ಪಾಪೆಯನ್ನು “ಕುಗ್ಗಿದೆ” ಎನ್ನುವುದಕ್ಕಿಂತ “ಎರಡೂ 1 ಮಿ.ಮೀ.” ಎನ್ನಿ. ಆದರೆ ಪಾಪೆಯೊಂದನ್ನೇ ನೆಚ್ಚಬೇಡಿ. ಅದು ಅಟ್ರೋಪಿನ್‌ಗೆ ನಿಧಾನವಾಗಿ ಸ್ಪಂದಿಸುತ್ತದೆ, ವಿಷ ಕಣ್ಣಿಗೆ ಸಿಡಿದಿದ್ದರೆ ಇನ್ನೂ ನಿಧಾನ. ನಾಡಿ ಮೊದಲಿಗೆ ವೇಗವಾಗಿದ್ದರೂ ಆರ್ಗನೋಫಾಸ್ಫೇಟ್ ಅಲ್ಲವೆಂದು ಹೇಳಲಾಗದು. ಆಮ್ಲಜನಕ ಸಾಲದೆ ಒದ್ದಾಡುವ ದೇಹದ ನಾಡಿ ಓಡುತ್ತಲೇ ಇರುತ್ತದೆ. ಎದೆ ತುಂಬಿ ಬುಳುಬುಳು ಎನ್ನುತ್ತಿದ್ದರೆ ವೇಗದ ನಾಡಿಯನ್ನು ನೆಪ ಮಾಡಿ ಅಟ್ರೋಪಿನ್ ತಡೆಯಬಾರದು.

ಮಗುವಾದರೆ ತೂಕ ಬರೆಯದ ಚೀಟಿ ಅರ್ಧ ಚೀಟಿ.

ಅಟ್ರೋಪಿನ್ ಕೊಟ್ಟದ್ದನ್ನು ಹೇಗೆ ದಾಖಲಿಸಬೇಕು?

ಮಿಲಿಗ್ರಾಂನಲ್ಲಿ. “ಆರು ಆಂಪೂಲ್” ಎಂದಲ್ಲ. ಕೆಲವು ಕಡೆ ಒಂದು ಆಂಪೂಲ್‌ನಲ್ಲಿ 0.6 ಮಿ.ಗ್ರಾಂ ಇರುತ್ತದೆ, ಕೆಲವು ಕಡೆ 1 ಮಿ.ಗ್ರಾಂ. ಆರು ಆಂಪೂಲ್ ಎಂದರೆ 3.6 ಆಗಬಹುದು, 6 ಕೂಡ ಆಗಬಹುದು. ಓದುವವರು ತಮ್ಮ ಕಪಾಟಿನಲ್ಲಿರುವ ಆಂಪೂಲ್ ನೆನೆದು ಲೆಕ್ಕ ಹಾಕುತ್ತಾರೆ. ಮುಂದೆ ಕೊಡುವ ಡ್ರಿಪ್ಪಿನ ವೇಗ ಈ ಒಟ್ಟು ಮೊತ್ತದ ಮೇಲೆಯೇ ನಿಂತಿದೆ. ಹಾಗಾಗಿ ಇಲ್ಲಿನ ತಪ್ಪು ಅಲ್ಲಿಗೂ ಹೋಗುತ್ತದೆ.

ವಯಸ್ಕರಿಗೆ ಸಾಮಾನ್ಯವಾಗಿ 1ರಿಂದ 3 ಮಿ.ಗ್ರಾಂ ರಕ್ತನಾಳಕ್ಕೆ ಕೊಟ್ಟು, ಐದು ನಿಮಿಷಕ್ಕೆ ಮತ್ತೆ ನೋಡಿ, ಸುಧಾರಣೆ ಇಲ್ಲದಿದ್ದರೆ ಹಿಂದಿನ ಡೋಸ್‌ನ ಎರಡರಷ್ಟು ಕೊಡುತ್ತಾರೆ. ಎದೆ ತಿಳಿಯಾಗಿ, ನಾಡಿ 80 ದಾಟಿ, ಮೇಲಿನ ರಕ್ತದೊತ್ತಡ 80 ದಾಟಿ, ಕಂಕುಳು ಒಣಗಿ, ಪಾಪೆ ಸೂಜಿಮೊನೆಯಾಗಿ ಉಳಿಯದಿದ್ದರೆ ಗುರಿ ಮುಟ್ಟಿದಂತೆ. ಇದರ ದಾಖಲೆ ಮೂರು ಅಂಕಣಗಳ ಪಟ್ಟಿ: ಸಮಯ, ಆ ಹೊತ್ತಿಗೆ ಕಂಡದ್ದು, ಕೊಟ್ಟದ್ದು. ಕಂಡದ್ದನ್ನು ಬರೆದ ಮೇಲೆ ಕೊಟ್ಟದ್ದನ್ನು ಬರೆಯಿರಿ. ಆಗ ಯಾಕೆ ಕೊಟ್ಟಿರಿ ಎಂಬುದನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಔಷಧಿ ನಡುವೆ ಮುಗಿದುಹೋದರೆ “19:40ಕ್ಕೆ ನಮ್ಮಲ್ಲಿದ್ದ ಅಟ್ರೋಪಿನ್ ಮುಗಿಯಿತು, ಗುರಿ ಮುಟ್ಟಿಲ್ಲ” ಎಂದು ಸ್ಪಷ್ಟವಾಗಿ ಬರೆಯಿರಿ. ನಾಚಿಕೆಯಿಂದ ಇದನ್ನು ಮುಚ್ಚಿಟ್ಟು “ಅಟ್ರೋಪಿನ್ ನೀಡಲಾಗಿದೆ” ಎಂದಷ್ಟೇ ಬರೆದರೆ ಅಲ್ಲಿನವರು ರೋಗಿ ಸ್ಥಿರವಾಗಿದ್ದಾರೆ ಎಂದುಕೊಳ್ಳುತ್ತಾರೆ. ಪ್ರಾಲಿಡಾಕ್ಸಿಮ್ ಕೊಟ್ಟಿದ್ದರೆ ಪ್ರಮಾಣ, ಸಮಯ ಬರೆಯಿರಿ. ಕೊಡದಿದ್ದರೆ “ಕೊಟ್ಟಿಲ್ಲ” ಎಂದೇ ಬರೆಯಿರಿ. ಖಾಲಿ ಬಿಟ್ಟ ಜಾಗಕ್ಕೆ ಯಾವ ಅರ್ಥವೂ ಇಲ್ಲ.

ಒಂದು ಪ್ರಕರಣವನ್ನು ಪೂರ್ತಿ ಬರೆದು ತೋರಿಸಬಹುದೇ?

ಕಲಿಸುವಾಗ ನಾನು ಬಳಸುವ ಮಾದರಿ ಪ್ರಕರಣ ಇದು. 42 ವರ್ಷದ ಪುರುಷ. ತಮ್ಮ ಕರೆತಂದಿದ್ದಾರೆ. ಕೇಂದ್ರದಲ್ಲಿ 0.6 ಮಿ.ಗ್ರಾಂ ಆಂಪೂಲ್‌ಗಳಿವೆ. ದೊಡ್ಡ ಆಸ್ಪತ್ರೆಗೆ ಸುಮಾರು ಒಂದೂವರೆ ಗಂಟೆಯ ದಾರಿ. ಚೀಟಿಯ ಮುಖ್ಯ ಭಾಗ ಹೀಗಿರುತ್ತದೆ:

ವಿಷ: ಕ್ಲೋರ್‌ಪೈರಿಫಾಸ್ 50% + ಸೈಪರ್‌ಮೆಥ್ರಿನ್ 5%, ದ್ರವ. ಬಾಟಲಿ ನೋಡಿ ಬರೆದದ್ದು. ಬಾಟಲಿ ಜೊತೆಯಲ್ಲಿ ಕಳುಹಿಸಿದೆ. ಬಾಟಲಿಯಲ್ಲಿ ಸುಮಾರು ಕಾಲು ಭಾಗ ಇಲ್ಲ. ಮೊದಲೇ ಬಳಸಿತ್ತೇ ತಿಳಿಯದು.
ಸಮಯ: 18:10ಕ್ಕೆ ಸರಿಯಾಗಿದ್ದರು, 18:40ಕ್ಕೆ ವಾಂತಿ ಮಾಡುತ್ತಿದ್ದರು (ತಮ್ಮನ ಹೇಳಿಕೆ). ಕೇಂದ್ರಕ್ಕೆ ಬಂದದ್ದು 19:25.
19:27: ಕಣ್ಣು 3, ಮಾತು 4, ಚಲನೆ 6. ಪಾಪೆ ಎರಡೂ 1 ಮಿ.ಮೀ. ನಾಡಿ 54. ರಕ್ತದೊತ್ತಡ 90/60. ಉಸಿರು 28. ಆಮ್ಲಜನಕ ಇಲ್ಲದೆ ಮಟ್ಟ 86%. ಎರಡೂ ಕಡೆ ಎದೆ ತುಂಬ ಬುಳುಬುಳು. ಕಂಕುಳು ಒದ್ದೆ. ಮೀನಖಂಡದಲ್ಲಿ ತುಡಿತ. ಸಕ್ಕರೆ 142. ಆಮ್ಲಜನಕ ಆರಂಭ, ಎಡ ಮಗ್ಗುಲಿಗೆ ಮಲಗಿಸಿದೆ.
19:30: ಅಟ್ರೋಪಿನ್ 1.8 ಮಿ.ಗ್ರಾಂ.
19:35: ಎದೆ ಹಾಗೆಯೇ ಇದೆ, ನಾಡಿ 62, ಕಂಕುಳು ಒದ್ದೆ. 3.6 ಮಿ.ಗ್ರಾಂ.
19:40: ಬುಳುಬುಳು ಕೆಳಭಾಗದಲ್ಲಿ ಮಾತ್ರ, ನಾಡಿ 76, ರಕ್ತದೊತ್ತಡ 100/60, ಕಂಕುಳು ಇನ್ನೂ ತೇವ. 7.2 ಮಿ.ಗ್ರಾಂ.
19:45: ಎದೆ ತಿಳಿ, ನಾಡಿ 108, ರಕ್ತದೊತ್ತಡ 110/70, ಕಂಕುಳು ಒಣಗಿದೆ, ಪಾಪೆ 2 ಮಿ.ಮೀ., ಆಮ್ಲಜನಕದೊಂದಿಗೆ 95%. ಒಟ್ಟು 12.6 ಮಿ.ಗ್ರಾಂ.
19:50: ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದಿದೆ. ಹೊಟ್ಟೆ ತೊಳೆದಿಲ್ಲ. ಪ್ರಾಲಿಡಾಕ್ಸಿಮ್ ಕೊಟ್ಟಿಲ್ಲ.
19:55: ಅಟ್ರೋಪಿನ್ ಡ್ರಿಪ್ ಆರಂಭ, ಗಂಟೆಗೆ ಸುಮಾರು 2 ಮಿ.ಗ್ರಾಂ.
20:05: ತಲೆಯನ್ನು ದಿಂಬಿನಿಂದ ತಾನೇ ಎತ್ತಬಲ್ಲರು. ಎದೆ ತಿಳಿ, ನಾಡಿ 104. ಹೊರಟಿದ್ದಾರೆ.

ಒಟ್ಟು ಮೊತ್ತ ಮೂರು ಡೋಸ್‌ಗಳನ್ನು ಕೂಡಿಸಿ ಬಂದದ್ದು: 1.8, 3.6, 7.2 ಸೇರಿ 12.6. ಇಪ್ಪತ್ತೊಂದು ಆಂಪೂಲ್. ಹೊಸದಾಗಿ ಬಂದವರು ಈ ಸಂಖ್ಯೆ ನೋಡಿ ಬೆಚ್ಚಿಬಿದ್ದು ಮೂರು ಆಂಪೂಲ್‌ಗೆ ನಿಲ್ಲಿಸುವುದುಂಟು. 19:35ರ ಸಾಲು ಓದಿದರೆ ಯಾಕೆ ನಿಲ್ಲಿಸಬಾರದಿತ್ತು ಎಂಬುದು ಗೊತ್ತಾಗುತ್ತದೆ.

ಡ್ರಿಪ್ಪಿನ ವೇಗವನ್ನು ಹನಿಗಳಲ್ಲಿ ಬರೆದರೆ ಸಾಲದೇ?

ಹನಿಗಳ ಜೊತೆಗೆ ಸೆಟ್ ಯಾವುದು ಎಂದೂ ಹೇಳಬೇಕು. ಒಂದು ಮಿಲಿಲೀಟರಿಗೆ 15 ಹನಿ ಬೀಳುವ ಸೆಟ್ ಇದೆ, 20 ಬೀಳುವುದೂ ಇದೆ, ಸಣ್ಣ ಹನಿಯ 60ರ ಸೆಟ್ ಕೂಡ ಇದೆ. ದಾರಿಯಲ್ಲಿ ಸೆಟ್ ಬದಲಾಯಿಸಿ ಹನಿಯ ಎಣಿಕೆಯನ್ನು ಹಾಗೆಯೇ ಉಳಿಸಿಕೊಂಡರೆ ಔಷಧಿ ಹೆಚ್ಚುಕಡಿಮೆಯಾಗುತ್ತದೆ.

ನಮ್ಮ ರೋಗಿಯ ಲೆಕ್ಕ ಮಾಡೋಣ. ಗುರಿ ಮುಟ್ಟಲು ಬೇಕಾದ ಒಟ್ಟು ಅಟ್ರೋಪಿನ್‌ನ ಶೇಕಡಾ 10ರಿಂದ 20ರಷ್ಟನ್ನು ಗಂಟೆಗೆ ಕೊಡುವುದು ರೂಢಿ. 12.6ಕ್ಕೆ ಅದು ಸುಮಾರು 1.3ರಿಂದ 2.5 ಮಿ.ಗ್ರಾಂ. ನಡುವಿನ 2 ಎಂದು ಇಟ್ಟುಕೊಂಡರು. 500 ಮಿ.ಲೀ. ಸಲೈನಿಗೆ 17 ಆಂಪೂಲ್, ಅಂದರೆ 10.2 ಮಿ.ಗ್ರಾಂ ಹಾಕಿದರು. ಗಂಟೆಗೆ 100 ಮಿ.ಲೀ. ಹೋದರೆ 2 ಮಿ.ಗ್ರಾಂಗೆ ಕೂದಲೆಳೆಯಷ್ಟು ಹೆಚ್ಚು. 20 ಹನಿಯ ಸೆಟ್‌ನಲ್ಲಿ ಇದು ನಿಮಿಷಕ್ಕೆ 33 ಹನಿ, 15ರ ಸೆಟ್‌ನಲ್ಲಿ 25. ಚೀಟಿಯಲ್ಲಿ ಬರೆಯಬೇಕಾದ ಸಾಲು: “500 ಮಿ.ಲೀ.ಯಲ್ಲಿ 10.2 ಮಿ.ಗ್ರಾಂ, ಗಂಟೆಗೆ 100 ಮಿ.ಲೀ., 20 ಹನಿಯ ಸೆಟ್, ನಿಮಿಷಕ್ಕೆ 33.” ಇದೇ ಸಾಲನ್ನು ಬಾಟಲಿಯ ಮೇಲೂ ಅಂಟಿಸಿ. ಅಟ್ರೋಪಿನ್ ಸೇರಿಸಿದ ಸಲೈನಿಗೂ ಬರಿಯ ಸಲೈನಿಗೂ ನೋಡಲು ವ್ಯತ್ಯಾಸವೇ ಇಲ್ಲ.

ಹೊಟ್ಟೆ ತೊಳೆದಿಲ್ಲ ಎಂದು ಬರೆದರೆ ಬೈಯುವುದಿಲ್ಲವೇ?

ಬೈಯುವವರು ಇನ್ನೂ ಇದ್ದಾರೆ. ಆದರೆ ಮಂಪರಿನಲ್ಲಿರುವ, ಉಸಿರುದಾರಿಗೆ ನಳಿಕೆ ಇಲ್ಲದ ರೋಗಿಯ ಹೊಟ್ಟೆ ತೊಳೆಯಲು ಹೋದರೆ ವಿಷವೂ ದ್ರಾವಕವೂ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಸೇವಿಸಿ ಒಂದು ಗಂಟೆ ಕಳೆದ ಮೇಲೆ ಅದರಿಂದ ಸಿಗುವುದೂ ಅತ್ಯಲ್ಪ. “ಪ್ರಜ್ಞೆ ಕಡಿಮೆ, ಉಸಿರುದಾರಿ ಭದ್ರವಿಲ್ಲ, ಆದ್ದರಿಂದ ತೊಳೆದಿಲ್ಲ” ಎಂದು ಕಾರಣ ಸಹಿತ ಬರೆದುಬಿಡಿ.

ಮನೆಯಲ್ಲಿ ಏನು ಮಾಡಿದರು ಎಂಬುದನ್ನು ಮರೆಯದೆ ಕೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದರೆ ರಕ್ತದಲ್ಲಿ ಸೋಡಿಯಂ ಏರಿರಬಹುದು, ವಾಂತಿ ಶ್ವಾಸಕೋಶಕ್ಕೆ ಹೋಗಿರಬಹುದು. ಗದರಿಸಿದರೆ ಯಾರೂ ಹೇಳುವುದಿಲ್ಲ. “ಏನಾದರೂ ಕುಡಿಸಿದಿರಾ? ಎಲ್ಲರೂ ಕುಡಿಸುತ್ತಾರೆ” ಎಂದರೆ ಹೇಳುತ್ತಾರೆ.

ಆಂಬ್ಯುಲೆನ್ಸ್ ಹೊರಟ ಮೇಲೆ ದಾಖಲೆ ಯಾರದು?

ಜೊತೆಗೆ ಹೋದವರದು. ಆದ್ದರಿಂದ ಚೀಟಿಯ ಹಿಂಬದಿಯಲ್ಲಿ ಖಾಲಿ ಪಟ್ಟಿಯೊಂದನ್ನು ಗೆರೆ ಎಳೆದು ಕೊಡಿ: ಹದಿನೈದು ನಿಮಿಷಕ್ಕೊಮ್ಮೆ ಎದೆ, ನಾಡಿ, ಕಂಕುಳು, ಪ್ರಜ್ಞೆ, ಆಮ್ಲಜನಕ, ಕೊಟ್ಟ ಔಷಧಿ. ಮತ್ತೆ ಬುಳುಬುಳು ಕೇಳಿಸಿದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಬರೆದು, ಅದಕ್ಕೆ ಬೇಕಾದ ಆಂಪೂಲ್‌ಗಳನ್ನು ಎಣಿಸಿ ಕೈಗೆ ಕೊಡಿ. ಓಡುವ ವಾಹನದಲ್ಲಿ ಸ್ಟೆತೊಸ್ಕೋಪ್‌ನಿಂದ ಕೇಳುವುದು ಕಷ್ಟ. ಅಗತ್ಯವಾದರೆ ಎರಡು ನಿಮಿಷ ನಿಲ್ಲಿಸಿ ಕೇಳಬೇಕು.

ನಮ್ಮ ರೋಗಿಗೆ 20:50ಕ್ಕೆ ಎದೆಯ ಕೆಳಭಾಗದಲ್ಲಿ ಸದ್ದು ಮರಳಿತು, ನಾಡಿ 72ಕ್ಕೆ ಇಳಿಯಿತು. ನರ್ಸ್ 1.8 ಮಿ.ಗ್ರಾಂ ಕೊಟ್ಟು ಬರೆದರು. 20:55ಕ್ಕೆ ಎದೆ ತಿಳಿಯಾಯಿತು. 21:25ಕ್ಕೆ ತಲುಪಿದಾಗ ಡ್ರಿಪ್ಪಿನಿಂದ ಒಂದೂವರೆ ಗಂಟೆಯಲ್ಲಿ ಹೋದದ್ದು ಸುಮಾರು 3 ಮಿ.ಗ್ರಾಂ. ಹೀಗೆ 12.6, 1.8, 3 ಸೇರಿ ಒಟ್ಟು ಸುಮಾರು 17.4. ಈ ಮೊತ್ತವನ್ನು ಅಲ್ಲಿನ ವೈದ್ಯರು ಕೂಡಿಸುವ ಮೊದಲೇ ನರ್ಸ್ ಹೇಳಿದರೆ ಎರಡು ನಿಮಿಷ ಉಳಿಯುತ್ತದೆ.

ಅಟ್ರೋಪಿನ್ ಅತಿಯಾದ ಲಕ್ಷಣಗಳನ್ನೂ ಪಟ್ಟಿಯ ಕೆಳಗೆ ಬರೆದಿಡಿ: ಮೈ ಬಿಸಿಯೇರುವುದು, ಗಾಬರಿಯಿಂದ ಹಾಸಿಗೆ ಕಿತ್ತಾಡುವುದು, ಕರುಳಿನ ಸದ್ದು ನಿಲ್ಲುವುದು, ಮೂತ್ರ ಕಟ್ಟುವುದು. ಇವು ಕಂಡರೆ ಡ್ರಿಪ್ ನಿಲ್ಲಿಸಿ ಫೋನ್ ಮಾಡಬೇಕು, ನಿಲ್ಲಿಸಿದ ಸಮಯ ಬರೆಯಬೇಕು.

ಚೀಟಿ ಕಳುಹಿಸಿದ ಮೇಲೆ ಫೋನ್ ಬೇಕೇ?

ಬೇಕು, ಹೊರಡುವ ಮೊದಲೇ. ಹಾಸಿಗೆ ಇದೆಯೇ, ಕೃತಕ ಉಸಿರಾಟದ ಯಂತ್ರ ಬಿಡುವಾಗಿದೆಯೇ ಎಂದು ಕೇಳಿ. ಯಾರೊಂದಿಗೆ, ಎಷ್ಟು ಹೊತ್ತಿಗೆ ಮಾತನಾಡಿದಿರಿ ಎಂಬುದು ಒಂದು ಸಾಲು. ಯಂತ್ರವಿಲ್ಲದ ಆಸ್ಪತ್ರೆಗೆ ಹೋಗಿ ಅಲ್ಲಿಂದ ಮತ್ತೆ ಹೊರಡುವುದಕ್ಕಿಂತ ಮೂರು ಫೋನ್ ಹೆಚ್ಚಾಗಿ ಮಾಡುವುದು ಮೇಲು.

ಹೊರಡುವಾಗ “ತಲೆ ಎತ್ತಬಲ್ಲರು” ಎಂದು ಬರೆದದ್ದು ಯಾಕೆ?

ಅದು ಆ ದಿನಕ್ಕಾಗಿ ಬರೆದದ್ದಲ್ಲ. ಆರ್ಗನೋಫಾಸ್ಫೇಟ್ ಸೇವಿಸಿದ ಕೆಲವರಲ್ಲಿ, ಮೊದಲ ಲಕ್ಷಣಗಳು ತಗ್ಗಿದ ಮೇಲೆ, ಸುಮಾರು ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ, ತೋಳು, ತೊಡೆ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ ಇದನ್ನು ವಿವರಿಸಿ, ನಡುವಣ ಘಟ್ಟದ ಲಕ್ಷಣಕೂಟ ಎಂಬ ಅರ್ಥದ ಹೆಸರು ಕೊಟ್ಟರು. ಇದರ ಮೊದಲ ಸುಳಿವು ಬಹಳ ಸಲ ಕುತ್ತಿಗೆಯಲ್ಲೇ ಕಾಣುತ್ತದೆ. ಮಲಗಿದ ರೋಗಿಗೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ಅಟ್ರೋಪಿನ್ ಇದಕ್ಕೆ ಮದ್ದಲ್ಲ, ಉಸಿರಾಟಕ್ಕೆ ಆಸರೆ ಬೇಕಾಗುತ್ತದೆ.

ಮೊದಲು ಹೇಗಿತ್ತು ಎಂಬುದು ಗೊತ್ತಿದ್ದರೆ ತಾನೇ ಬದಲಾವಣೆ ಕಾಣುವುದು? ರೋಗಿಗೆ ಮಾತು ಅರ್ಥವಾಗುವಷ್ಟು ಎಚ್ಚರವಿದ್ದರೆ ಇದನ್ನು ನೋಡಲು ಹತ್ತು ಸೆಕೆಂಡು ಸಾಕು. ಎಚ್ಚರವಿಲ್ಲದಿದ್ದರೆ “ಪರೀಕ್ಷಿಸಲಾಗಲಿಲ್ಲ” ಎಂದು ಬರೆಯಿರಿ. “ಈಗ ಚೆನ್ನಾಗಿದ್ದಾರೆ, ಮನೆಗೆ ಕಳುಹಿಸಿ” ಎನ್ನುವ ಸಂಬಂಧಿಕರಿಗೆ ಉತ್ತರ ಕೊಡಲೂ ಈ ವಿವರ ನೆರವಾಗುತ್ತದೆ.

ತಾನಾಗಿ ಸೇವಿಸಿದ್ದೋ ಆಕಸ್ಮಿಕವೋ ಎಂಬುದನ್ನು ಹೇಗೆ ಬರೆಯಬೇಕು?

ಯಾರು ಏನು ಹೇಳಿದರು ಎಂಬಷ್ಟನ್ನು, ಅವರದೇ ಮಾತಿನಲ್ಲಿ. ರೋಗಿ ಮಾತನಾಡುವ ಸ್ಥಿತಿಯಲ್ಲಿದ್ದರೆ ಸಂಬಂಧಿಕರನ್ನು ಹೊರಗೆ ನಿಲ್ಲಿಸಿ ಕೇಳಿ. ಎಲ್ಲರೆದುರು ಬರುವ ಉತ್ತರ ಬೇರೆ, ಒಬ್ಬರೇ ಇದ್ದಾಗ ಬರುವುದು ಬೇರೆ. “ತಾನೇ ಕುಡಿದದ್ದಾಗಿ ಹೇಳಿದ್ದಾರೆ” ಎಂಬುದು ದಾಖಲೆ. “ಕುಡಿದ ಮತ್ತಿನಲ್ಲಿ ಜಗಳವಾಡಿ ವಿಷ ತೆಗೆದುಕೊಂಡ” ಎಂಬುದು ತೀರ್ಪು, ಅದೂ ಏಕವಚನದಲ್ಲಿ. ಆ ಚೀಟಿಯನ್ನು ಚಾಲಕನಿಂದ ಹಿಡಿದು ಹತ್ತಾರು ಜನ ಓದುತ್ತಾರೆ, ಕೆಲವೊಮ್ಮೆ ರೋಗಿಯೂ ಓದುತ್ತಾರೆ. ಚೀಟಿಯನ್ನು ಲಕೋಟೆಯಲ್ಲಿಟ್ಟು ಕೊಡಿ.

ಉದ್ದೇಶವಿತ್ತು ಎಂದು ಗೊತ್ತಾದರೆ ಎರಡು ಸಾಲು ಸೇರಿಸಲೇಬೇಕು. “ದಾರಿಯಲ್ಲಿ, ವಾರ್ಡಿನಲ್ಲಿ ಒಬ್ಬರನ್ನೇ ಬಿಡಬಾರದು” ಎಂಬುದೊಂದು. “ಮನೆಗೆ ಕಳುಹಿಸುವ ಮೊದಲು ಮಾನಸಿಕ ಆರೋಗ್ಯದ ಪರಿಶೀಲನೆ ಕೋರಿದೆ” ಎಂಬುದು ಇನ್ನೊಂದು. ಎದೆ ತಿಳಿಯಾದ ಸಂತೋಷದಲ್ಲಿ ಎರಡನೆಯದು ಮರೆತುಹೋಗುತ್ತದೆ. ಮನೆಯಲ್ಲಿ ಉಳಿದ ಕೀಟನಾಶಕವನ್ನು ಯಾರು ತೆಗೆಯುತ್ತಾರೆ ಎಂದು ಹೊರಡುವ ಮೊದಲೇ ಸಂಬಂಧಿಕರಲ್ಲಿ ಒಬ್ಬರೊಂದಿಗೆ ಮಾತನಾಡಿ. ಅವರು ಒಪ್ಪಿದ್ದನ್ನು ಕೇಂದ್ರದ ದಾಖಲೆಯಲ್ಲಿ ಬರೆದಿಡಿ.

ಪೊಲೀಸರಿಗೆ ತಿಳಿಸುವವರೆಗೆ ಕಳುಹಿಸಬಾರದೇ?

ಕಾಗದಕ್ಕಾಗಿ ರೋಗಿ ಕಾಯಬಾರದು. ತಿಳಿಸಬೇಕೇ, ಯಾರಿಗೆ, ಯಾವ ನಮೂನೆಯಲ್ಲಿ ಎಂಬುದು ಆಯಾ ನಾಡಿನ ಕಾನೂನಿಗೆ ಬಿಟ್ಟದ್ದು. ಚಿಕಿತ್ಸೆ ಆರಂಭಿಸಿ, ಕಳುಹಿಸಿ, ಜೊತೆಜೊತೆಗೆ ತಿಳಿಸಿ, ತಿಳಿಸಿದ ಸಮಯ ಬರೆಯಿರಿ. ವಾಂತಿಯನ್ನೋ ಬಟ್ಟೆಯನ್ನೋ ತೆಗೆದಿಟ್ಟಿದ್ದರೆ ಮುಚ್ಚಿ, ಹೆಸರು ಮತ್ತು ಸಮಯದ ಚೀಟಿ ಅಂಟಿಸಿ, ಯಾರ ಕೈಗೆ ಕೊಟ್ಟಿರಿ ಎಂದು ಸಹಿ ಪಡೆಯಿರಿ.

ತಪ್ಪು ಬರೆದರೆ ಬಿಳಿ ಬಣ್ಣ ಹಚ್ಚಿ ತಿದ್ದಬಹುದೇ?

ಬೇಡ. ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಮಯ ಮತ್ತು ಸಹಿ ಹಾಕಿ. ಮರೆತದ್ದು ಆಮೇಲೆ ನೆನಪಾದರೆ “ತಡವಾಗಿ ಬರೆದದ್ದು, 22:10” ಎಂದು ಸೇರಿಸಿ. ಸಾಲುಗಳ ನಡುವೆ ತುರುಕಿದ ಅಕ್ಷರ ನಿಜವಾಗಿದ್ದರೂ ಸುಳ್ಳಿನಂತೆ ಕಾಣುತ್ತದೆ.

ಮನೆಯವರು ಹೋಗಲು ಒಪ್ಪದಿದ್ದರೆ?

ಏನು ಹೇಳಿದಿರಿ, ಅವರು ಯಾಕೆ ಬೇಡವೆಂದರು ಎಂಬುದನ್ನು ಬರೆಯಿರಿ. ಹೆಚ್ಚಾಗಿ ಕಾರಣ ಹಣ ಅಥವಾ ವಾಹನವಾಗಿರುತ್ತದೆ, ಅದು ತಿಳಿದರೆ ದಾರಿ ಹುಡುಕಬಹುದು. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ನಿಮ್ಮ ಕೆಲಸ ಮುಗಿಯುವುದಿಲ್ಲ. ರೋಗಿ ಇನ್ನೂ ನಿಮ್ಮ ಹಾಸಿಗೆಯಲ್ಲೇ ಇದ್ದಾರೆ, ಐದು ನಿಮಿಷದ ಪಟ್ಟಿ ಮುಂದುವರಿಯಬೇಕು.

ಕೇಂದ್ರದಲ್ಲಿ ಏನು ಉಳಿಯಬೇಕು?

ಚೀಟಿಯ ಪ್ರತಿ, ಮೂಲ ಪಟ್ಟಿ, ಬಾಟಲಿಯ ಫೋಟೊ, ಹೊರಟ ಸಮಯ, ಜೊತೆಗೆ ಹೋದವರ ಹೆಸರು. ನಕಲು ತೆಗೆಯುವ ಯಂತ್ರವಿಲ್ಲದಿದ್ದರೆ ಇಂಗಾಲದ ಹಾಳೆ ಸಾಕು. ಬಳಸಿದ ಆಂಪೂಲ್‌ಗಳನ್ನು ಆ ರಾತ್ರಿಯೇ ದಾಸ್ತಾನು ಪುಸ್ತಕದಲ್ಲಿ ಕಳೆಯಿರಿ. ನಮ್ಮ ಮಾದರಿ ಪ್ರಕರಣದಲ್ಲಿ ಡೋಸ್‌ಗಳಿಗೆ 21, ಡ್ರಿಪ್ಪಿಗೆ 17, ದಾರಿಗೆ 3, ಒಟ್ಟು 41 ಖರ್ಚಾಗಿವೆ. ಕಪಾಟಿನಲ್ಲಿ 50 ಇಟ್ಟುಕೊಂಡ ಕೇಂದ್ರಕ್ಕೆ ಅದೇ ರಾತ್ರಿ ಇನ್ನೊಬ್ಬರು ಬಂದರೆ ಉಳಿದ ಒಂಬತ್ತು ಆಂಪೂಲ್ ಎರಡೇ ಡೋಸ್‌ಗೆ ಮುಗಿಯುತ್ತವೆ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಎಷ್ಟು ಕೇಳಬೇಕು ಎಂಬುದಕ್ಕೆ ಇಷ್ಟು ಲೆಕ್ಕ ಆಧಾರವಾಗುತ್ತದೆ.

ನೋಂದಣಿ ಪುಸ್ತಕದ ಕೊನೆಯ ಅಂಕಣ ಹೆಚ್ಚಿನ ಕಡೆ ಖಾಲಿಯಾಗಿಯೇ ಇರುತ್ತದೆ: ಮುಂದೇನಾಯಿತು. ಮರುದಿನವೊಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಫೋನ್ ಮಾಡಿ ತುಂಬಿ. ನಮ್ಮ ಮಾದರಿ ರೋಗಿಯ ಸಾಲಿನಲ್ಲಿ ಹೀಗಿದೆ: “ಎರಡನೇ ದಿನ ಸಂಜೆ ತಲೆ ಎತ್ತಲಾಗಲಿಲ್ಲ; ಕಳುಹಿಸಿದಾಗ ಎತ್ತುತ್ತಿದ್ದರು ಎಂದು ಚೀಟಿಯಲ್ಲಿ ಇದ್ದುದರಿಂದ ಕೂಡಲೇ ಗಮನಿಸಿ ಯಂತ್ರದ ಉಸಿರಾಟ ಕೊಟ್ಟರು. ಒಂಬತ್ತನೇ ದಿನ ಯಂತ್ರ ತೆಗೆದಿದೆ. ಮನೋವೈದ್ಯರು ನೋಡಿದ್ದಾರೆ. ತಮ್ಮ ಜೊತೆಯಲ್ಲಿದ್ದಾರೆ.”